ಡೆಮೋದಲ್ಲಿ ಎಲ್ಲಾ ಫೀಚರ್ ತೋರ್ಸೋದು ಬಿಟ್ಟು, ಅವರು ಹೇಳಿದ ತೊಂದ್ರೆ ಹಿಡ್ಕೊಂಡು ಹೋಗೋದು ಹೇಗೆ

ಗೋಡೌನ್ ಸ್ಟಾಕ್ ನೋಡ್ಕೊಳ್ಳೋ ಸಾಫ್ಟ್‌ವೇರ್ ಮಾರೋ ಕೆಲಸ ನಂದು. ಶುರುಶುರುನಲ್ಲಿ ನಾನು ಕೊಡ್ತಿದ್ದ ಡೆಮೋ ಹೇಗಿರ್ತಿತ್ತು ಅಂದ್ರೆ ಲಾಗಿನ್ ಆಗೋದು, ಡ್ಯಾಶ್‌ಬೋರ್ಡ್ ತೋರ್ಸೋದು, ಆಮೇಲೆ ಎಡಗಡೆ ಮೆನುನ ಮೇಲಿಂದ ಕೆಳಗಡೆವರೆಗೂ ಒಂದೊಂದೇ ಓಪನ್ ಮಾಡ್ತಾ ಹೋಗೋದು. ಒಂದ್ಸಲ ಹೀಗೇ ನಡೀತಿರ್ಬೇಕಾದ್ರೆ 35ನೇ ನಿಮಿಷದಲ್ಲಿ ಆ ಕಡೆ ಗೋಡೌನ್ ಮ್ಯಾನೇಜರ್ ಮೆಲ್ಲಗೆ ಕೇಳಿದ್ರು, "ಸರ್, ಫೋನಲ್ಲಿ ನಿಮಗೆ ಹೇಳಿದ್ನಲ್ಲ, ರಿಟರ್ನ್ ಮಾಲಿನ ವಿಷಯ, ಅದು ಯಾವಾಗ ಬರತ್ತೆ?" ಅದು ಮೆನುನಲ್ಲಿ ಒಂಬತ್ತನೇದು, ನಾನಿನ್ನೂ ಆರನೇದ್ರಲ್ಲಿದ್ದೆ. ಅಷ್ಟೊತ್ತಿಗೆ ಓನರ್ ಬೇರೆ ಮೀಟಿಂಗ್ ಅಂತ ಎದ್ದು ಹೋಗಿ ಆಗಿತ್ತು. ಆ ಡೀಲ್ ಆಗ್ಲಿಲ್ಲ, ಮತ್ತೆ ಅವರ ಫೋನೂ ಬರ್ಲಿಲ್ಲ.

ಅವರಿಗೆ ಬೇಕಾಗಿದ್ದು ನಮ್ಮತ್ರ ಇತ್ತು. ಅವರು ಅದನ್ನ ಬಾಯ್ಬಿಟ್ಟು ಹೇಳಿಯೂ ಇದ್ರು. ನಾನೇ ಅದನ್ನ ಒಂಬತ್ತನೇ ಜಾಗದಲ್ಲಿ ಇಟ್ಟಿದ್ದೆ, ಇದು ನನಗೆ ಬಹಳ ದಿನ ಮನಸ್ಸಲ್ಲಿ ಕೊರೀತಾ ಇತ್ತು. ಆಮೇಲೆ ಅದೇ ತರದ ಇನ್ನೊಂದು ಕಂಪನಿ ಬಂತು, ಗಾಡಿ ಸ್ಪೇರ್ ಪಾರ್ಟ್ಸ್ ಹೋಲ್‌ಸೇಲ್‌ನವರು. ಅವರಿಗೆ ಡೆಮೋ ಹೇಗೆ ರೆಡಿ ಮಾಡಿದೆ, ಹೇಗೆ ನಡೆಸಿದೆ ಅನ್ನೋದನ್ನೇ ಇಟ್ಕೊಂಡು ಸ್ಟೆಪ್ ಬೈ ಸ್ಟೆಪ್ ಬರೀತೀನಿ, ನೀವು ಮಾರೋದು ಬೇರೆ ಏನೇ ಇದ್ರೂ ದಾರಿ ಇದೇ.

1. ಡೆಮೋಗೆ ಮುಂಚೆ ಒಂದು ಫೋನ್ ಕಾಲ್, ಅದ್ರಲ್ಲಿ "ಕೊನೇ ಸಲ" ಅನ್ನೋ ಪ್ರಶ್ನೆ

ತೊಂದ್ರೆ ಏನು ಅಂತ ಕೇಳಿದ್ರೆ ಎಲ್ರೂ ಮೊದ್ಲು ಹೇಳೋದು ದೊಡ್ಡದಾಗಿ, ಮೇಲ್ಮೇಲೆ ಇರತ್ತೆ. ಇಲ್ಲೂ ಗೋಡೌನ್ ನೋಡ್ಕೊಳ್ತಿದ್ದ ಮೇಡಂ ಹೇಳಿದ್ದು ಇಷ್ಟೇ, "ಸ್ಟಾಕ್ ಟ್ಯಾಲಿ ಆಗಲ್ಲ ಸರ್." ಇದನ್ನ ಇಷ್ಟಕ್ಕೇ ಬರ್ಕೊಂಡು ಫೋನ್ ಇಟ್ಬಿಟ್ಟಿದ್ರೆ ನಾನು ಡೆಮೋದಲ್ಲಿ ಬಾರ್‌ಕೋಡ್ ಸ್ಕ್ಯಾನಿಂಗ್ ತೋರಿಸ್ತಿದ್ದೆ, ಯಾಕಂದ್ರೆ ಸ್ಟಾಕ್ ಟ್ಯಾಲಿ ಆಗಲ್ಲ ಅಂದ್ರೆ ನಮ್ಮ ಲೈನಲ್ಲಿ ಎಲ್ರಿಗೂ ತಲೆಗೆ ಬರೋದು ಅದೇ.

ಅದ್ರ ಬದ್ಲು ಕೇಳಿದೆ, "ಕೊನೇ ಸಲ ಯಾವಾಗ ಹಿಂಗಾಯ್ತು ಮೇಡಂ? ಅವತ್ತು ಏನೇನಾಯ್ತು ಅಂತ ಮೊದ್ಲಿಂದ ಹೇಳ್ತೀರಾ?"

"ಮೊನ್ನೆ ಮಂಗಳವಾರ. ಒಂದು ಗ್ಯಾರೇಜಿಂದ ಬ್ರೇಕ್ ಪ್ಯಾಡ್ 15 ಸೆಟ್ ಆರ್ಡರ್ ಬಂತು. ಸಿಸ್ಟಮ್‌ನಲ್ಲಿ 17 ತೋರ್ಸ್ತಿತ್ತು, ಸರಿ ಅಂತ ಒಪ್ಕೊಂಡ್ವಿ. ಹುಡುಗ ರ‍್ಯಾಕ್ ಹತ್ರ ಹೋದ್ರೆ ಇದ್ದಿದ್ದು 12. ಮಿಕ್ಕ 5 ಹುಡುಕಕ್ಕೆ ಮುಕ್ಕಾಲು ಗಂಟೆ ಹಿಡೀತು. ಕೊನೆಗೆ ನೋಡಿದ್ರೆ ಯಾರೋ ವಾಪಸ್ ಕಳಿಸಿದ ಮಾಲು ಅದು, ಚೆಕ್ ಮಾಡ್ದೆ ಮೂಲೇಲಿ ಬಾಕ್ಸಲ್ಲೇ ಬಿದ್ದಿತ್ತು. ಅದ್ರಲ್ಲಿ ಎರಡು ಸೆಟ್ ಡ್ಯಾಮೇಜ್ ಬೇರೆ."

ಈಗ ನೋಡಿ, ತೊಂದ್ರೆನೇ ಬೇರೆ. ಎಣಿಕೆ ತಪ್ಪಿಲ್ಲ, 17 ಇರೋದು ನಿಜಾನೇ. ರಿಟರ್ನ್ ಬಂದ ಮಾಲು ಎಂಟ್ರಿ ಆದ ಕ್ಷಣದಿಂದಾನೇ ಮಾರಕ್ಕೆ ರೆಡಿ ಇದೆ ಅಂತ ಸಿಸ್ಟಮ್ ಲೆಕ್ಕ ಹಾಕ್ತಿದೆ, ಅದೇ ಎಡವಟ್ಟು. ಇವರಿಗೆ ಬಾರ್‌ಕೋಡ್ ತೋರ್ಸಿದ್ರೆ ಚೆನ್ನಾಗಿದೆ ಅಂದಿರೋರು, ತೊಂದ್ರೆ ಮಾತ್ರ ಹಂಗೇ ಇರ್ತಿತ್ತು.

ಹಂಗಾಗಿ ಕಾಲ್‌ನಲ್ಲಿ ನಾನು ಕೇಳೋದು ಮೂರ್ನಾಕೇ ಪ್ರಶ್ನೆ. ಕೊನೇ ಸಲ ಯಾವಾಗ ಆಯ್ತು, ಅದು ಮೊದ್ಲು ಯಾರ ಕಣ್ಣಿಗೆ ಬಿತ್ತು, ಈಗ ಏನು ಮಾಡಿ ಹೇಗೋ ಸುಧಾರಿಸ್ಕೊಂಡು ಹೋಗ್ತಿದೀರ, ಮತ್ತೆ ಹೇಳಿದ್ರಲ್ಲಿ ಒಂದೇ ಒಂದು ಸರಿ ಹೋಗತ್ತೆ ಅಂದ್ರೆ ಯಾವುದು ಸರಿ ಹೋಗ್ಬೇಕು. ಈ ಕೊನೇದನ್ನ ಹಣ ಕೊಡೋ ಮನುಷ್ಯನ್ನೂ ಒಂದ್ಸಲ ಕೇಳ್ಬೇಕು, ಯಾಕಂದ್ರೆ ದಿನಾ ಕೆಲಸ ಮಾಡೋರ ಉತ್ತರ ಒಂದಿರತ್ತೆ, ಚೆಕ್ ಬರೆಯೋರ ಉತ್ತರ ಇನ್ನೊಂದಿರತ್ತೆ.

ಬರ್ಕೊಳ್ಳೋವಾಗ ಅವರ ಬಾಯಲ್ಲಿ ಬಂದ ಮಾತನ್ನೇ ಹಂಗಂಗೇ ಬರ್ಕೊಳ್ಳಿ. "ಇನ್ವೆಂಟರಿ ವಿಸಿಬಿಲಿಟಿ ಕೊರತೆ" ಅಂತ ನಮ್ಮ ಭಾಷೆಗೆ ತಿರುಗಿಸಿ ಬರೆದ್ರೆ ಆ 17, 12, ಮೂಲೇಲಿದ್ದ ಬಾಕ್ಸು ಎಲ್ಲಾ ಅಲ್ಲೇ ಕಳ್ದೋಗತ್ತೆ, ಡೆಮೋ ದಿನ ಕೆಲಸಕ್ಕೆ ಬರೋದು ಅವೇ.

2. ಅರ್ಧ ಹಾಳೆ ಸಾಕು

ಕಾಲ್ ಮುಗಿದಾಗ ನನ್ನ ಕೈಲಿ ಮೂರು ತೊಂದ್ರೆ ಇತ್ತು. ಒಂದು ಈ ರಿಟರ್ನ್ ಮಾಲಿಂದು. ಎರಡ್ನೇದು ಅರ್ಜೆಂಟ್ ಆರ್ಡರ್, ಗ್ಯಾರೇಜಲ್ಲಿ ಗಾಡಿ ಬಿಚ್ಚಿಟ್ಟು ಕಾಯ್ತಿರ್ತಾರೆ ಆದ್ರೆ ಆ ಆರ್ಡರ್ ಮಾಮೂಲಿ ಆರ್ಡರ್‌ಗಳ ಮಧ್ಯೆ ಎಲ್ಲೋ ಸೇರ್ಕೊಂಡಿರತ್ತೆ. ಮೂರ್ನೇದು ತಿಂಗಳ ಕೊನೇಲಿ ಸ್ಟಾಕ್ ಎಣಿಸಕ್ಕೆ ಎರಡು ದಿನ ಗೋಡೌನ್ ಮುಚ್ತಾರೆ. ಓನರ್‌ಗೆ ಕೇಳ್ದಾಗ ಅವರೂ ರಿಟರ್ನ್ ವಿಷಯನೇ ಮೊದ್ಲು ಅಂದ್ರು, ಕೊಡ್ತೀನಿ ಅಂತ ಒಪ್ಕೊಂಡು ಕೊಡಕ್ಕಾಗ್ದೇ ಇದ್ರೆ ಆ ಗ್ಯಾರೇಜ್ ಮುಂದಿನ ಸಲ ಬೇರೆ ಕಡೆ ಹೋಗತ್ತೆ ಅಂತ.

ಒಂದು ಅರ್ಧ ಹಾಳೆ ತಗೊಂಡು ಮೂರು ಭಾಗ ಮಾಡಿ. ಎಡಗಡೆ ಅವರು ಹೇಳಿದ ವಾಕ್ಯ, ಮಧ್ಯ ಅದಕ್ಕೆ ಉತ್ತರ ಕೊಡೋ ಸ್ಕ್ರೀನ್, ಬಲಗಡೆ ಆ ಸ್ಕ್ರೀನ್‌ನಲ್ಲಿ ಅವರ ಕಣ್ಣಿಗೆ ಬೀಳ್ಬೇಕಾದ ಒಂದೇ ವಿಷಯ. ಮಧ್ಯದಲ್ಲಿ ಬರೆದ ಯಾವುದಾದ್ರೂ ಸ್ಕ್ರೀನ್‌ಗೆ ಎಡಗಡೆ ಅವರ ಮಾತು ಇಲ್ಲ ಅಂದ್ರೆ ಅದನ್ನ ಹೊಡೆದು ಹಾಕಿ, ಎಷ್ಟೇ ಚೆಂದ ಇದ್ರೂ. ನನಗೆ ಅವತ್ತು ಡ್ಯಾಶ್‌ಬೋರ್ಡ್ ಬಿಡಕ್ಕೆ ಮನಸ್ಸೇ ಬರ್ಲಿಲ್ಲ, ಅದು ಹೊಸದಾಗಿ ಬಂದಿತ್ತು, ನೋಡಕ್ಕೂ ಚೆನ್ನಾಗಿತ್ತು, ಆದ್ರೆ ಅವರಲ್ಲಿ ಯಾರೂ ಗ್ರಾಫ್ ಬೇಕು ಅಂತ ಕೇಳಿರ್ಲಿಲ್ಲ. ಹೊಡೆದು ಹಾಕಿದೆ.

ಎಡಗಡೆ ವಾಕ್ಯ ಇದ್ದು ಮಧ್ಯದಲ್ಲಿ ಬರೆಯಕ್ಕೆ ಏನೂ ಇಲ್ಲ ಅಂತಾನೂ ಆಗತ್ತೆ, ಅಂದ್ರೆ ಅವರ ತೊಂದ್ರೆಗೆ ನಮ್ಮತ್ರ ಉತ್ತರ ಇಲ್ಲ. ಇದು ಡೆಮೋಗೆ ಎರಡು ದಿನ ಮುಂಚೆನೇ ಗೊತ್ತಾಗೋದು ಒಳ್ಳೇದು, ಫೋನ್ ಮಾಡಿ ಹೇಳ್ಬಹುದು.

3. ಡೇಟಾ ಅವರ ಗೋಡೌನ್ ತರ ಕಾಣ್ಬೇಕು

ಡೆಮೋ ಅಕೌಂಟ್‌ನಲ್ಲಿ ಸಾಮಾನ್ಯವಾಗಿ "ಐಟಂ 1, ಐಟಂ 2" ಅಂತಿರತ್ತೆ. ಅದನ್ನ ನೋಡ್ತಾ ಇರೋರು ತಲೇಲಿ ಪ್ರತಿ ಸಲ ತರ್ಜುಮೆ ಮಾಡ್ಕೋಬೇಕು, ಐಟಂ 1 ಅಂದ್ರೆ ನಮ್ಮ ಬ್ರೇಕ್ ಪ್ಯಾಡ್ ಅಂತ ಅನ್ಕೊಳ್ಳೋಣ ಅಂತ. ಆ ಕೆಲಸ ನೀವು ಮಾಡಿ. ನಾನು ಬ್ರೇಕ್ ಪ್ಯಾಡ್ ಅಂತ ಒಂದು ಐಟಂ ಮಾಡಿ 17 ಹಾಕಿದೆ, ಅದ್ರಲ್ಲಿ 5 ರಿಟರ್ನ್‌ನಿಂದ ಬಂದಿದ್ದು, ಒಂದು 15ರ ಆರ್ಡರ್. ಅವತ್ತಿನ ಮಂಗಳವಾರನೇ ಸ್ಕ್ರೀನ್ ಮೇಲೆ ಕಟ್ಟಿದ್ದು. ಇನ್ನೊಂದು ಹತ್ತಿಪ್ಪತ್ತು ಐಟಂ ಸುತ್ತಮುತ್ತ ಇದ್ರೆ ಸಾಕು, ಸಾವಿರ ಬೇಡ. ಬೇರೆ ಕಸ್ಟಮರ್ ಡೇಟಾ ಮಾತ್ರ ಹೆಸರು ಬದಲಾಯಿಸಿ ಕೂಡ ಬಳಸ್ಬೇಡಿ, ಇವತ್ತು ಅವರದ್ದು ಇವರಿಗೆ ತೋರ್ಸಿದೋರು ನಾಳೆ ಇವರದ್ದು ಇನ್ನೊಬ್ರಿಗೆ ತೋರ್ಸ್ತಾರೆ ಅಂತ ಅವರಿಗೂ ಗೊತ್ತಾಗತ್ತೆ.

ಇಲ್ಲೊಂದು ಎಚ್ಚರ. ಪ್ರಾಕ್ಟೀಸ್ ಮಾಡೋವಾಗ ಆ 5 ಸೆಟ್‌ನ ಚೆಕ್ ಮಾಡಿ ಪಾಸ್ ಮಾಡ್ಬಿಟ್ರೆ ಡೇಟಾ ಬದಲಾಗ್ಬಿಡತ್ತೆ, ಮಾರನೇ ದಿನ ಓಪನ್ ಮಾಡಿದ್ರೆ ತೋರ್ಸಕ್ಕೆ ಏನೂ ಉಳಿದಿರಲ್ಲ. ನಾನು ಒಂದೇ ತರದ ಐಟಂ ಎರಡು ಮಾಡ್ಕೊಳ್ತೀನಿ, ಒಂದು ಪ್ರಾಕ್ಟೀಸ್‌ಗೆ, ಒಂದು ಮುಟ್ಟದೇ ಇಡಕ್ಕೆ.

4. ಮೊದ್ಲ ಐದು ನಿಮಿಷ ಪ್ರಾಡಕ್ಟ್ ಓಪನ್ ಮಾಡ್ಬೇಡಿ

ಡೆಮೋ ಟೈಮ್ 45 ನಿಮಿಷ. ಸ್ಕ್ರೀನ್ ಶೇರ್ ಮಾಡ್ದಾಗ ಮೊದ್ಲು ಕಂಡಿದ್ದು ಖಾಲಿ ಬಿಳಿ ಪೇಜ್ ಮೇಲೆ ಅವರದ್ದೇ ಮೂರು ವಾಕ್ಯ. ಕಂಪನಿ ಪರಿಚಯ, ಎಷ್ಟು ಜನ ಕಸ್ಟಮರ್ಸು, ಯಾವ ಅವಾರ್ಡ್ ಬಂತು, ಏನೂ ಇಲ್ಲ. ಓದಿ ಹೇಳಿ ಕೇಳಿದೆ, "ನೀವು ಹೇಳಿದ್ದು ಇದು. ಸರಿಯಾಗಿ ಬರ್ಕೊಂಡಿದೀನಾ? ಆಮೇಲೆ ಏನಾದ್ರೂ ಬದಲಾಗಿದ್ಯಾ?"

ಈ ಪ್ರಶ್ನೆಯಿಂದ ಒಂದು ದೊಡ್ಡ ಉಪಯೋಗ ಇದೆ, ಡೆಮೋಗೆ ಯಾವಾಗ್ಲೂ ಕಾಲ್‌ನಲ್ಲಿ ಇಲ್ಲದ ಒಬ್ರು ಹೊಸಬ್ರು ಬಂದು ಕೂತಿರ್ತಾರೆ. ಇಲ್ಲಿ ಅಕೌಂಟ್ಸ್ ನೋಡ್ಕೊಳ್ಳೋರು ಬಂದಿದ್ರು. ಅವರು ತಕ್ಷಣ ಅಂದ್ರು, "ರಿಟರ್ನ್ ಅಂದ್ರಿ, ಅದಕ್ಕೆ ಕ್ರೆಡಿಟ್ ನೋಟ್ ಯಾವಾಗ ಹೋಗ್ಬೇಕು ಅನ್ನೋದೇ ನಮಗೆ ದೊಡ್ಡ ಗೊಂದಲ, ಮಾಲು ಚೆಕ್ ಆಗೋಕ್ ಮುಂಚೆನೇ ಕೊಟ್ಬಿಡ್ತಾರೆ." ನಾಲ್ಕನೇ ವಾಕ್ಯ ಅಂತ ಅವರ ಎದುರಿಗೇ ಟೈಪ್ ಮಾಡಿದೆ. ಕೇಳದೇ ಇದ್ದಿದ್ರೆ ಅವರು ಕೊನೇವರೆಗೂ ಸುಮ್ನೆ ಕೂತು, ನಾವು ಹೋದ್ಮೇಲೆ ನಮಗೆ ಬೇಕಾಗಿದ್ದು ಇದ್ರಲ್ಲಿಲ್ಲ ಅಂತ ಹೇಳಿರೋರು.

5. ಕೊನೇಲಿ ಏನು ಸಿಗತ್ತೋ ಅದನ್ನ ಮೊದ್ಲು ತೋರ್ಸಿ

ನಾವೆಲ್ಲಾ ಮಾಡೋ ತಪ್ಪು ಅಂದ್ರೆ ಕೆಲಸ ನಡೆಯೋ ಕ್ರಮದಲ್ಲೇ ತೋರ್ಸ್ತೀವಿ. ಮೊದ್ಲು ರಿಟರ್ನ್ ಎಂಟ್ರಿ ಹೀಗೆ ಮಾಡ್ಬೇಕು, ಆಮೇಲೆ ಜಾಗ ಆರಿಸ್ಬೇಕು, ಆಮೇಲೆ ಕಾರಣ ಹಾಕ್ಬೇಕು, ಹೀಗೇ ಹತ್ತು ನಿಮಿಷ ಆದ್ಮೇಲೆ ಕೊನೆಗೆ ಫಲ. ನೋಡೋರಿಗೆ ಈ ಹತ್ತು ನಿಮಿಷ ಯಾಕೆ ನೋಡ್ತಿದೀವಿ ಅಂತಾನೇ ಗೊತ್ತಿರಲ್ಲ.

ನಾನು ನೇರವಾಗಿ ಆರ್ಡರ್ ಸ್ಕ್ರೀನ್‌ಗೇ ಹೋದೆ. ಬ್ರೇಕ್ ಪ್ಯಾಡ್ 15 ಅಂತ ಹಾಕಿದೆ. ಲೈನ್ ಕೆಂಪಾಯ್ತು, ಪಕ್ಕದಲ್ಲಿ ಬಂತು: ಒಟ್ಟು 17, ಮಾರಕ್ಕೆ ಸಿಗೋದು 12, ಚೆಕಿಂಗ್‌ನಲ್ಲಿ 5. ಇಷ್ಟು ತೋರ್ಸಿ ನಾನು ಮಾತು ನಿಲ್ಲಿಸ್ದೆ.

ಆ ನಿಲ್ಸೋದು ಇದ್ಯಲ್ಲ, ಅದು ಕಷ್ಟ. ಹತ್ತು ಸೆಕೆಂಡ್ ಮೌನ ಅಂದ್ರೆ ಹತ್ತು ನಿಮಿಷ ಅನ್ಸತ್ತೆ, ಬಾಯಿ ತಾನಾಗೇ ಮುಂದಿನ ಫೀಚರ್ ಹೇಳಕ್ಕೆ ಹೊರಡತ್ತೆ. ತಡ್ಕೊಳ್ಳಿ. ಆ ಮೇಡಂ ಸ್ಕ್ರೀನ್ ನೋಡ್ತಾ ಇದ್ರು, ಆಮೇಲೆ ಓನರ್ ಕಡೆ ತಿರುಗಿ "ಆ ಮಂಗಳವಾರ ಇದು ಇದ್ದಿದ್ರೆ 12ಕ್ಕೇ ಒಪ್ಕೊಂಡಿರ್ತಿದ್ವಿ" ಅಂದ್ರು. ಇದೇ ಮಾತನ್ನ ನಾನು ಹೇಳಿದ್ರೆ ಅದು ಸೇಲ್ಸ್ ಮಾತು, ಅವರ ಬಾಯಿಂದ ಬಂದಾಗ ಓನರ್ ಕೇಳಿಸ್ಕೊಂಡಿದ್ದೇ ಬೇರೆ ತರ.

ಆಮೇಲೆ ಅವರೇ ಕೇಳಿದ್ರು, ಇದು ಹೇಗೆ ಗೊತ್ತಾಗತ್ತೆ ಸಿಸ್ಟಮ್‌ಗೆ ಅಂತ. ಆಗ ಹಿಂದಕ್ಕೆ ಹೋಗಿ ತೋರ್ಸಿದೆ, ಅದೂ ಚಿಕ್ಕ ದಾರೀಲೇ: ರಿಟರ್ನ್ ಎಂಟ್ರಿ ಮಾಡಿದ್ರೆ ಮಾಲು ಚೆಕಿಂಗ್ ಅನ್ನೋ ಬೇರೆ ಲೆಕ್ಕಕ್ಕೆ ಹೋಗತ್ತೆ, ಚೆಕ್ ಮಾಡಿದೋರು ಪಾಸ್ ಅಥ್ವಾ ಸ್ಕ್ರ್ಯಾಪ್ ಅಂತ ಒತ್ತಿದ್ಮೇಲೇನೇ ಅಲ್ಲಿಂದ ಬಿಡುಗಡೆ. 5ರಲ್ಲಿ 3 ಪಾಸ್ ಮಾಡಿದೆ, 2 ಸ್ಕ್ರ್ಯಾಪ್, ವಾಪಸ್ ಆರ್ಡರ್‌ಗೆ ಬಂದ್ರೆ ಮಾರಕ್ಕೆ ಸಿಗೋದು 15. ಅಲ್ಲೇ ಅಕೌಂಟ್ಸ್‌ನವರ ಕಡೆ ತಿರುಗಿ, ಕ್ರೆಡಿಟ್ ನೋಟ್ ಬಟನ್ ಆ ಪಾಸ್ ಒತ್ತೋವರೆಗೂ ಓಪನ್ ಆಗದ ಹಂಗೆ ಸೆಟ್ ಮಾಡ್ಬಹುದು ಅಂತ ತೋರ್ಸಿದೆ. ಆ ಸೆಟ್ಟಿಂಗ್ ಪೇಜಲ್ಲಿ ಇನ್ನೂ ಹದಿನೈದು ಆಪ್ಷನ್ ಇತ್ತು, ಒಂದನ್ನೂ ಹೇಳ್ಲಿಲ್ಲ.

6. ಒಳ್ಳೇ ಪ್ರಶ್ನೆ ಬಂದಾಗ ಅಲ್ಲೇ ನಿಲ್ಲಿ

ಗೋಡೌನ್ ಮೇಡಂ ಕೇಳಿದ್ರು, "ನಮ್ಮ ಹುಡುಗ್ರು ಪಾಸ್ ಒತ್ತೋದೇ ಮರೆತ್ರೆ? ಆಗ ಒಳ್ಳೇ ಮಾಲೂ ಚೆಕಿಂಗ್‌ನಲ್ಲೇ ಕೂತಿರತ್ತಲ್ಲ?"

ಇದು ಅಡ್ಡಿ ಮಾಡೋ ಪ್ರಶ್ನೆ ಅಲ್ಲ, ಅವರು ಆಗ್ಲೇ ಅದನ್ನ ಮನಸ್ಸಲ್ಲೇ ತಮ್ಮ ಗೋಡೌನ್‌ನಲ್ಲಿ ನಡೆಸಿ ನೋಡ್ತಿದಾರೆ ಅಂತ ಅರ್ಥ. ನಮ್ಮತ್ರ ಚೆಕಿಂಗ್‌ನಲ್ಲಿ ಎರಡು ದಿನಕ್ಕಿಂತ ಜಾಸ್ತಿ ಕೂತಿರೋ ಮಾಲಿನ ಲಿಸ್ಟ್ ಒಂದಿದೆ, ಬೆಳಗ್ಗೆ ಮೇಲ್ ಹೋಗತ್ತೆ. ಹಳೇ ಡೆಮೋದಲ್ಲಿ ಅದನ್ನ ರಿಪೋರ್ಟ್ಸ್ ಮೆನುನಲ್ಲಿ ಹದಿನಾಲ್ಕನೇದು ಅಂತ ಓಡಿಸಿಕೊಂಡು ಹೋಗ್ತಿದ್ದೆ, ಒಬ್ರೂ ತಲೆ ಎತ್ತಿ ನೋಡ್ತಿರ್ಲಿಲ್ಲ. ಇಲ್ಲಿ ಪ್ರಶ್ನೆಗೆ ಉತ್ತರವಾಗಿ ಬಂದಿದ್ದಕ್ಕೆ ಐದು ನಿಮಿಷ ಅದ್ರ ಮೇಲೇ ಮಾತಾಯ್ತು, ಎರಡು ದಿನ ಸಾಕಾ, ಒಂದು ದಿನ ಇಡೋಣ್ವಾ, ಮೇಲ್ ಯಾರಿಗೆ ಹೋಗ್ಬೇಕು ಅಂತ ಅವರವರೇ. ಜೊತೆಗೆ ನಾನು ಇದನ್ನೂ ಹೇಳ್ದೆ, ಲಿಸ್ಟ್ ಕಳ್ಸೋದು ಸಾಫ್ಟ್‌ವೇರ್, ಬಾಕ್ಸ್ ಬಿಚ್ಚಿ ಚೆಕ್ ಮಾಡೋದು ಮನುಷ್ಯರೇ, ಅದಕ್ಕೊಬ್ರು ಇಲ್ಲ ಅಂದ್ರೆ ಈ ನಂಬರ್ 5 ಅನ್ನೋದು 50 ಆಗತ್ತೆ.

ದಾರಿ ಬಿಟ್ಟು ಹೋಗೋ ಪ್ರಶ್ನೆಗಳೂ ಬರತ್ತೆ. ಓನರ್ ಮಧ್ಯದಲ್ಲಿ "ಮೊಬೈಲ್ ಆಪ್ ಇದ್ಯಾ?" ಅಂದ್ರು. ಇಲ್ಲಿ ಫೋನ್ ತೆಗೆದು ಆಪ್ ತೋರ್ಸಕ್ಕೆ ಶುರು ಮಾಡಿದ್ರೆ ಡೆಮೋ ಕೈತಪ್ತು ಅಂತಾನೇ. "ಇದೆ ಸರ್. ಯಾರು ಬಳಸ್ಬೇಕು ಅಂತಿದೀರ, ಯಾವ ಕೆಲಸಕ್ಕೆ?" ಅಂದೆ. ಅವರು ಸ್ವಲ್ಪ ಯೋಚ್ನೆ ಮಾಡಿ, ಹಂಗೇನಿಲ್ಲ ಸುಮ್ನೆ ಕೇಳ್ದೆ ಅಂದ್ರು. ಪಕ್ಕದಲ್ಲಿ ಬರ್ಕೊಂಡು ಮುಂದೆ ಹೋದ್ವಿ. ಅವರೇನಾದ್ರೂ "ಚೆಕ್ ಮಾಡೋ ಹುಡುಗ ಮೂಲೇಲಿ ನಿಂತೇ ಪಾಸ್ ಒತ್ಬೇಕು, ಅಲ್ಲಿ ಕಂಪ್ಯೂಟರ್ ಇಲ್ಲ" ಅಂದಿದ್ರೆ ಆಗ ಅದು ಮೊದ್ಲನೇ ತೊಂದ್ರೆಗೆ ಸೇರಿದ ಪ್ರಶ್ನೆ, ಅಲ್ಲೇ ತೋರ್ಸ್ತಿದ್ದೆ. ಎರಡಕ್ಕೂ ವ್ಯತ್ಯಾಸ ಆ ಒಂದು ತಿರುಗು ಪ್ರಶ್ನೆಯಿಂದ ಗೊತ್ತಾಗತ್ತೆ.

ಆಗದೇ ಇರೋದನ್ನ ಆಗಲ್ಲ ಅಂತಾನೇ ಹೇಳಿ. ಅರ್ಜೆಂಟ್ ಆರ್ಡರ್‌ಗಳನ್ನ ಮೇಲಕ್ಕೆ ತರೋ ಫ್ಲ್ಯಾಗ್ ನಮ್ಮಲ್ಲಿದೆ, ಆದ್ರೆ ಅವರ ಅರ್ಜೆಂಟ್ ಆರ್ಡರ್ ಜಾಸ್ತಿ ಬರೋದು ಫೋನಲ್ಲಿ, ಅದನ್ನ ಯಾರಾದ್ರೂ ಎಂಟ್ರಿ ಮಾಡ್ಲೇಬೇಕು, ತಾನಾಗೇ ಬರಲ್ಲ. ಹಂಗೇ ಹೇಳ್ದೆ. ಮೇಡಂ ಮುಖ ಸ್ವಲ್ಪ ಸಪ್ಪಗಾಯ್ತು, ಆದ್ರೆ ಆಮೇಲೆ ನಾನು ಹೌದು ಅಂದಿದ್ದನ್ನೆಲ್ಲಾ ನಂಬಿದ್ರು.

7. ಹಳಿ ತಪ್ತಿದೆ ಅಂತ ಗೊತ್ತಾಗೋದು ಹೇಗೆ

ನೀವು ನಾಲ್ಕೈದು ನಿಮಿಷ ಒಬ್ರೇ ಮಾತಾಡ್ತಿದೀರ, ಆ ಕಡೆಯಿಂದ ಬರ್ತಿರೋದು ಬರೀ "ಹೂಂ", "ಚೆನ್ನಾಗಿದೆ" ಅಂದ್ರೆ ಅದು ಒಳ್ಳೇ ಲಕ್ಷಣ ಅಲ್ಲ. ಚೆನ್ನಾಗಿದೆ ಅನ್ನೋದು ಬೇರೆಯವರ ವಸ್ತು ನೋಡಿ ಹೇಳೋ ಮಾತು. ತಮ್ಮದು ಅನ್ಸಿದೋರು "ನಮ್ಮಲ್ಲಿ ಹಿಂಗಿರತ್ತೆ, ಆಗೇನು?" ಅಂತ ಕೇಳ್ತಾರೆ, ತಕರಾರು ತೆಗೀತಾರೆ, ಇದನ್ನ ಯಾರು ಮಾಡ್ಬೇಕು ಅಂತ ತಮ್ತಮ್ಮಲ್ಲೇ ವಾದ ಮಾಡ್ತಾರೆ.

ಸಪ್ಪೆ ಆಯ್ತು ಅನ್ಸಿದ್ರೆ "ಅರ್ಥ ಆಯ್ತಾ?" ಅಂತ ಕೇಳ್ಬೇಡಿ, ಅದಕ್ಕೆ ಎಲ್ರೂ ಆಯ್ತು ಅಂತಾರೆ. ಪ್ರಾಡಕ್ಟ್ ತೋರ್ಸೋದು ನಿಲ್ಸಿ, ಆ ಮೂರು ವಾಕ್ಯದ ಪೇಜ್ ಮತ್ತೆ ತೆಗೆದು, "ಇದ್ರಲ್ಲಿ ಯಾವುದು ನೋಡ್ಬೇಕು ಈಗ?" ಅಂತ ಕೇಳಿ. ಯಾವುದು ಮೊದ್ಲು ಅಂತ ಅವರೇ ಹೇಳ್ಲಿ.

ಮುಂಚೆ ಕಾಲ್ ಮಾಡಕ್ಕೇ ಆಗದೇ ಇದ್ರೆ, ಕೆಲವರು ನೇರವಾಗಿ ಡೆಮೋ ಕೊಡಿ ಅಂತಾರೆ, ಆಗ ಮೊದ್ಲ ಹತ್ತು ನಿಮಿಷ ಆ ಕೊನೇ ಸಲದ ಪ್ರಶ್ನೆಗೇ ಕೊಡಿ, ಉಳಿದಿರೋದ್ರಲ್ಲಿ ಒಂದೇ ತೊಂದ್ರೆ ತೋರ್ಸಿ. ಇನ್ನು ಟೆಂಡರ್ ತರ ನೂರು ಫೀಚರ್ ಪಟ್ಟಿ ಕೊಟ್ಟು ಟಿಕ್ ಹಾಕ್ತೀವಿ ಅನ್ನೋ ಕಡೆ ಈ ವಿಧಾನ ಪೂರ್ತಿ ನಡಿಯಲ್ಲ, ಅಲ್ಲಿ ಅವರ ಪಟ್ಟಿ ಪ್ರಕಾರನೇ ಹೋಗ್ಬೇಕು, ಇಲ್ಲಾಂದ್ರೆ ಮಾರ್ಕ್ಸ್ ಹೋಗತ್ತೆ.

8. ಮುಗಿಸೋದು

ಕೊನೇ ಹತ್ತು ನಿಮಿಷಕ್ಕೆ ಪ್ರಾಡಕ್ಟ್ ಮುಚ್ಚಿದೆ. ಮತ್ತೆ ಅದೇ ಪೇಜ್, ಈಗ ನಾಲ್ಕು ವಾಕ್ಯ. ಒಂದೊಂದನ್ನೂ ಓದಿ, ಇದು ಸರಿ ಹೋಗತ್ತಾ, ಅರ್ಧ ಹೋಗತ್ತಾ, ಇಲ್ವಾ ಅಂತ ಕೇಳಿ ಅವರು ಹೇಳಿದ್ದನ್ನೇ ಅಲ್ಲೇ ಬರೆದೆ. ರಿಟರ್ನ್ ಸರಿ, ಕ್ರೆಡಿಟ್ ನೋಟ್ ಸರಿ, ಅರ್ಜೆಂಟ್ ಅರ್ಧ. ತಿಂಗಳ ಎಣಿಕೆನೂ ಅರ್ಧ, ಯಾಕಂದ್ರೆ ಗೋಡೌನ್ ಮುಚ್ಚದೇ ದಿನಕ್ಕಿಷ್ಟು ರ‍್ಯಾಕ್ ಅಂತ ಎಣಿಸ್ಬೇಕು ಅಂದ್ರೆ ಮೊದ್ಲು ಪ್ರತಿ ರ‍್ಯಾಕ್‌ಗೂ ನಂಬರ್ ಹಾಕಿರ್ಬೇಕು, ಅವರಲ್ಲಿ ಅರ್ಧ ರ‍್ಯಾಕ್‌ಗೆ ನಂಬರೇ ಇರ್ಲಿಲ್ಲ.

ಆ ಪೇಜನ್ನೇ ಅವತ್ತು ಸಂಜೆ ಮೇಲ್ ಮಾಡಿದೆ, ಬ್ರೋಷರ್ ಇಲ್ಲ, ರೆಕಾರ್ಡಿಂಗ್ ಲಿಂಕ್ ಒಂದು, ಕೆಳಗಡೆ ಎರಡೇ ಸಾಲು: "ರ‍್ಯಾಕ್ ನಂಬರ್ ಹಾಕೋ ಕೆಲಸಕ್ಕೆ ನಿಮ್ಮ ಕಡೆಯಿಂದ ಯಾರು ಇರ್ತಾರೆ ಅಂತ ತಿಳಿಸಿ. ಮುಂದಿನ ಮಂಗಳವಾರ ನಿಮ್ಮದೇ ಐವತ್ತು ಐಟಂ ಹಾಕಿ, ರಿಟರ್ನ್ ಒಂದನ್ನ ಮಾತ್ರ ಮೇಡಂ ಕೈಲೇ ಮಾಡಿಸಿ ನೋಡೋಣ." ಮಾರನೇ ದಿನ ಉತ್ತರ ಮೇಡಂ ಕಡೆಯಿಂದಾನೇ ಬಂತು, ಐವತ್ತು ಐಟಂ ಪಟ್ಟಿ ಜೊತೆ. ಮೊದ್ಲನೇ ಸಾಲಲ್ಲಿ ಬ್ರೇಕ್ ಪ್ಯಾಡ್ ಇತ್ತು.